ಮಗುವಿನ ಮೊದಲ ಚಿನ್ನಕ್ಕೆ ಕೊಂಡಿ ಬೇಕೆ?

ನಾಮಕರಣದ ದಿನ ತೊಟ್ಟಿಲ ಪಕ್ಕದ ತಟ್ಟೆ ಮಧ್ಯಾಹ್ನದ ಊಟದ ಹೊತ್ತಿಗೆ ತುಂಬಿರುತ್ತದೆ. ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಸುತ್ತಿದ ಉಂಗುರಗಳು, ಅಜ್ಜಿ ತಂದ ಎಳೆಸರ, ಸೋದರಮಾವ ಕೊಟ್ಟ ಜೋಡಿ ಬಳೆ, ದೃಷ್ಟಿ ತಾಗದಿರಲೆಂದು ಕರಿಮಣಿಯ ನಡುವೆ ಚಿನ್ನದ ಗುಂಡು ಪೋಣಿಸಿದ ಕೈಸರ ಎಲ್ಲವೂ ಅದರಲ್ಲಿರುತ್ತವೆ. ಕೊಟ್ಟವರ ಎದುರಿಗೇ ಅವನ್ನು ಒಂದೊಂದಾಗಿ ಮಗುವಿಗೆ ತೊಡಿಸುವುದು ರೂಢಿ. ಕೊಳ್ಳುವಾಗ ಅಂಗಡಿಯಲ್ಲಿ ಮಾತು ನಡೆದಿರುವುದು ತೂಕ, ಕೂಲಿ, ಡಿಸೈನ್ ಇವುಗಳ ಬಗ್ಗೆ. ಒಡವೆಯ ಕೊಂಡಿ ಯಾವುದು, ಅದರಲ್ಲಿ ಬಿಡಿಯಾಗಿ ಕಳಚಿ ಬರುವ ಭಾಗ ಎಷ್ಟಿವೆ ಎಂದು ಕೇಳುವವರು ಕಡಿಮೆ. ಆದರೆ ಮೂರು ವರ್ಷದೊಳಗಿನ ಮಗುವಿನ ಮಟ್ಟಿಗೆ ಒಡವೆ ಕ್ಷೇಮವೋ ಅಪಾಯವೋ ಎಂಬುದನ್ನು ತೀರ್ಮಾನಿಸುವುದು ಈ ಎರಡು ಪ್ರಶ್ನೆಗಳೇ.

ಆಟಿಕೆ ತಯಾರಕರಿಗೆ ಈ ಪ್ರಶ್ನೆ ಹೊಸದಲ್ಲ. ಪುಟ್ಟ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು ಪ್ರಯೋಗಾಲಯಗಳಲ್ಲಿ ಒಂದು ಸಣ್ಣ ಕೊಳವೆ ಇರುತ್ತದೆ. ಅದರ ಬಾಯಿಯ ಅಗಲ 31.7 ಮಿಲಿಮೀಟರ್. ಆಳ ಒಂದು ಬದಿಯಲ್ಲಿ ಸುಮಾರು 25, ಇನ್ನೊಂದು ಬದಿಯಲ್ಲಿ ಸುಮಾರು 57 ಮಿಲಿಮೀಟರ್. ಪುಟ್ಟ ಮಗುವಿನ ಬಾಯಿ ಮತ್ತು ಗಂಟಲಿನ ಅಳತೆಯನ್ನು ಗಮನದಲ್ಲಿಟ್ಟು ಮಾಡಿದ ಮಾಪನ ಇದು. ಆಟಿಕೆಯೋ ಅದರಿಂದ ಮುರಿದು ಬಂದ ತುಂಡೋ ಈ ಕೊಳವೆಯೊಳಗೆ ಪೂರ್ತಿ ಇಳಿದರೆ ಅದು ಮೂರು ವರ್ಷದೊಳಗಿನವರಿಗೆ ಸಲ್ಲದು. ಅಮೆರಿಕದಲ್ಲಿ ಬಳಕೆಯಲ್ಲಿರುವ ಈ ಪರೀಕ್ಷೆ ಭಾರತದ ಆಟಿಕೆ ಮಾನಕದಲ್ಲೂ ಇದೆ. 2021ರ ಜನವರಿಯಿಂದ ನಮ್ಮಲ್ಲಿ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಗಿದೆ. ಒಡವೆ ಆಟಿಕೆಯಲ್ಲ, ಹಾಗಾಗಿ ಚಿನ್ನದ ಅಂಗಡಿಯಲ್ಲಿ ಈ ಕೊಳವೆ ಇರುವುದಿಲ್ಲ. ಆ ತಟ್ಟೆಯಲ್ಲಿರುವುದನ್ನೆಲ್ಲ ಕೊಳವೆಗೆ ಹಾಕಿ ನೋಡಿದರೆ ಉಂಗುರ, ಓಲೆ, ಪದಕ, ಗುಂಡು, ಕೊನೆಗೆ ಮುದುಡಿದ ಎಳೆಸರ ಕೂಡ ಒಳಗೆ ಇಳಿಯುತ್ತವೆ. ಹೊರಗೆ ಉಳಿಯುವುದು ಬಹುಪಾಲು ಬಳೆ ಮಾತ್ರ.

ಹಾಗೆಂದು ಉಳಿದವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕೊರಳು, ಕೈ, ಕಿವಿ ಈ ಮೂರು ಜಾಗಗಳಲ್ಲಿ ಕೊಂಡಿಯ ಕೆಲಸ ಮೂರು ಬಗೆ.

ಕೊರಳಿನ ಸರ

ಸರದ ಕೊಂಡಿಯ ಮುಂದೆ ಎರಡು ಬೇಡಿಕೆಗಳಿವೆ. ಮಗು ಎಳೆದರೆ ಅದು ಬಿಚ್ಚಿಕೊಳ್ಳಬಾರದು, ಬಿಚ್ಚಿಕೊಂಡರೆ ಸರ ಬಾಯಿಗೆ ಹೋಗುತ್ತದೆ. ಸರ ತೊಟ್ಟಿಲಿನ ಕಂಬಿಗೋ ಕಿಟಕಿಯ ಚಿಲಕಕ್ಕೋ ಸಿಕ್ಕಿಕೊಂಡರೆ ಮಾತ್ರ ಕೂಡಲೇ ಬಿಚ್ಚಿಕೊಳ್ಳಬೇಕು, ಇಲ್ಲವಾದರೆ ಕೊರಳು ಬಿಗಿಯುತ್ತದೆ. ದೊಡ್ಡವರ ಸರಕ್ಕೆ ಹಾಕುವ ಎಸ್ ಕೊಂಡಿ ಸಡಿಲಾದಾಗ ತಾನಾಗಿ ಜಾರುತ್ತದೆ, ಸಿಕ್ಕಿಕೊಂಡಾಗ ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಸ್ಪ್ರಿಂಗ್ ಇರುವ ಕೊಂಡಿ ಇನ್ನೂ ಗಟ್ಟಿ. ಅದು ಬಿಚ್ಚುವುದಕ್ಕಿಂತ ಮುಂಚೆ ಸರವೇ ತುಂಡಾಗಬೇಕು. ಎಳೆದಾಗ ತಾನಾಗಿ ಕಳಚುವ ಕೊಂಡಿಗಳೂ ಇವೆಯಾದರೂ ಅವು ಕಳಚಿದ ಕ್ಷಣವೇ ಸರ ಮಗುವಿನ ಮುಷ್ಟಿಯಲ್ಲಿರುತ್ತದೆ. ಎರಡೂ ಕೆಲಸವನ್ನು ಏಕಕಾಲಕ್ಕೆ ಮಾಡುವ ಕೊಂಡಿಯೇ ಇಲ್ಲ. ಮಗುವಿನ ಕೊರಳಿಗೆ ಸರ ಬೇಡ ಎಂದು ಮಕ್ಕಳ ವೈದ್ಯರು ಹೇಳುವುದರ ಹಿಂದೆ ಈ ಸರಳ ಕಾರಣವಿದೆ.

2018ರ ಡಿಸೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹೊರಡಿಸಿದ ಎಚ್ಚರಿಕೆಯಲ್ಲಿ ಎರಡು ಘಟನೆಗಳ ಉಲ್ಲೇಖವಿತ್ತು. ಹದಿನೆಂಟು ತಿಂಗಳ ಮಗುವೊಂದು ಹಗಲು ನಿದ್ದೆಯಲ್ಲಿದ್ದಾಗ ಕೊರಳಲ್ಲಿದ್ದ ಅಂಬರ್ ಮಣಿಸರವೇ ಬಿಗಿದು ಸತ್ತುಹೋಯಿತು. ಏಳು ತಿಂಗಳ ಇನ್ನೊಂದು ಮಗುವಿಗೆ ಮರದ ಮಣಿಯ ಕೈಸರದಿಂದ ಮಣಿ ಗಂಟಲಿಗೆ ಸಿಕ್ಕಿತು. ಅದನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಈ ಎರಡನೆಯ ಮಗುವನ್ನು ಹೆತ್ತವರು ಪಕ್ಕದಲ್ಲೇ ಇದ್ದು ನೋಡಿಕೊಳ್ಳುತ್ತಿದ್ದರು. ಅವು ಹಲ್ಲು ಬರುವ ಮಕ್ಕಳಿಗೆಂದು ಮಾರುವ ಸರಗಳು, ಚಿನ್ನದವಲ್ಲ. ಆದರೆ ಕೊರಳು ಬಿಗಿಯುವ ವಿಷಯದಲ್ಲಿ ಅಂಬರ್ ಸರಕ್ಕೂ ಚಿನ್ನದ ಸರಕ್ಕೂ ವ್ಯತ್ಯಾಸವಿಲ್ಲ. ಚಿನ್ನದ ಎಳೆಸರ ಇನ್ನೂ ತೆಳುವಾದ್ದರಿಂದ ಚರ್ಮಕ್ಕೆ ಹೆಚ್ಚು ಒತ್ತುತ್ತದೆ.

ಶಾಸ್ತ್ರಕ್ಕಾಗಿ ತೊಡಿಸಲೇಬೇಕಾದರೆ ಮಗು ಎಚ್ಚರವಿದ್ದು ಯಾರದಾದರೂ ಮಡಿಲಲ್ಲಿರುವಾಗ ತೊಡಿಸಿ, ಫೋಟೊ ಮುಗಿದ ಕೂಡಲೇ ಬಿಚ್ಚಿಡಬೇಕು. ಮಗುವನ್ನು ತೊಟ್ಟಿಲಿಗೆ ಹಾಕುವ ಮುಂಚೆ ಕೊರಳು ಬರಿದಾಗಿರಬೇಕು. ಕೊರಳಿಗೆ ಕಟ್ಟುವ ತಾಯಿತದ ದಾರಕ್ಕೂ ಇದೇ ನಿಯಮ.

ಕೈಗೆ ಬಳೆ, ಆದರೆ ಯಾವ ಬಳೆ?

ಕೈಯ ವಿಷಯದಲ್ಲಿ ಲೆಕ್ಕ ಬೇರೆ. ಇಲ್ಲಿ ಕೊಂಡಿಯೇ ಬೇಕಿಲ್ಲ. ಒಂದೇ ತಂತಿಯನ್ನು ದುಂಡಗೆ ಬಾಗಿಸಿ, ತುದಿಗಳನ್ನು ಬೆಸೆದು, ಬೆಸುಗೆ ಕಾಣದಂತೆ ಉಜ್ಜಿದ ಸಾದಾ ಬಳೆಯಲ್ಲಿ ಕಳಚಿ ಬರುವ ಭಾಗವೇ ಇರುವುದಿಲ್ಲ. ನವಜಾತ ಶಿಶುವಿನಿಂದ ನಡೆದಾಡುವ ಮಗುವಿನ ತನಕ ಮೊದಲ ಚಿನ್ನವಾಗಿ ಆರಿಸಲು ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಬಳೆಯ ಅಳತೆಯಲ್ಲೂ ಒಂದು ಅನುಕೂಲ ಅಡಗಿದೆ. ನಮ್ಮ ಅಂಗಡಿಗಳಲ್ಲಿ ಬಳೆಯ ಸೈಜನ್ನು 1.4, 1.6, 1.8 ಎಂದು ಹೇಳುತ್ತಾರೆ. ಇವು ದಶಮಾಂಶಗಳಲ್ಲ. ಚುಕ್ಕೆಯ ಮೊದಲಿನದು ಇಂಚು, ನಂತರದ್ದು ಇಂಚಿನ ಹದಿನಾರನೇ ಭಾಗಗಳು. 1.4 ಎಂದರೆ ಒಂದೂ ಕಾಲು ಇಂಚು, ಅಂದರೆ ಬಳೆಯ ಒಳಗಿನ ಅಗಲ 31.75 ಮಿಲಿಮೀಟರ್. ಆಟಿಕೆ ಪರೀಕ್ಷೆಯ ಕೊಳವೆಯ ಬಾಯಿಯೂ ಹೆಚ್ಚುಕಡಿಮೆ ಅಷ್ಟೇ. ತಂತಿಯ ದಪ್ಪ ಸೇರಿದಾಗ 1.4ರ ಮತ್ತು ಅದಕ್ಕಿಂತ ದೊಡ್ಡ ಬಳೆ ಆ ಕೊಳವೆಗೆ ಇಳಿಯುವುದಿಲ್ಲ. ಬಳೆ ಗಟ್ಟಿಯಾಗಿ ದುಂಡಗೇ ಉಳಿದರಷ್ಟೇ ಈ ಮಾತು ನಿಜ. ತೆಳು ತಂತಿಯ ಬಳೆ ಕಾಲಡಿಗೆ ಸಿಕ್ಕಿ ಚಪ್ಪಟೆಯಾದರೆ ಈ ಲೆಕ್ಕ ತಪ್ಪುತ್ತದೆ.

ಎಂಟು ತಿಂಗಳ ಮಗುವಿಗೆ ಜೋಡಿ ಬಳೆ ಮಾಡಿಸುವುದನ್ನೇ ಉದಾಹರಣೆಯಾಗಿ ನೋಡಬಹುದು. ಅಳೆಯಬೇಕಾದ್ದು ಮಣಿಕಟ್ಟನ್ನಲ್ಲ. ಮಗುವಿನ ಹೆಬ್ಬೆರಳನ್ನು ಅಂಗೈಯೊಳಗೆ ಮೆಲ್ಲಗೆ ಮಡಿಸಿ, ಬೆರಳಿನ ಬುಡದ ಗೆಣ್ಣುಗಳ ಮೇಲೆ ಕೈ ಅತಿ ಅಗಲವಾಗಿರುವ ಕಡೆ ದಾರ ಸುತ್ತಬೇಕು. ಮಗು ನಿದ್ದೆಯಲ್ಲಿದ್ದಾಗ ಈ ಕೆಲಸ ಸಲೀಸು. ದಾರ 11 ಸೆಂಟಿಮೀಟರ್ ಬಂತು ಎಂದುಕೊಳ್ಳೋಣ. ಅದನ್ನು 3.14ರಿಂದ ಭಾಗಿಸಿದರೆ ಒಳಗಿನ ಅಗಲ ಸುಮಾರು 35 ಮಿಲಿಮೀಟರ್. ಅಂಗಡಿಯ ಭಾಷೆಯಲ್ಲಿ ಅದು 1.6.

ಇನ್ನು ತಂತಿಯ ದಪ್ಪ. 22 ಕ್ಯಾರೆಟ್ ಚಿನ್ನದ ಒಂದು ಮಿಲಿಮೀಟರ್ ತಂತಿಯಲ್ಲಿ 1.6ರ ಬಳೆ ಮಾಡಿದರೆ ತೂಕ ಒಂದೂವರೆ ಗ್ರಾಂ ಆಸುಪಾಸು ಬರುತ್ತದೆ. ಅಗ್ಗವೇನೋ ಹೌದು, ಆದರೆ ಅದು ಬೆರಳಲ್ಲೇ ಬಾಗುತ್ತದೆ. ದಪ್ಪ ಒಂದೂವರೆ ಮಿಲಿಮೀಟರ್ ಆದರೆ ಒಂದೊಂದು ಬಳೆ ಮೂರೂವರೆ ಗ್ರಾಂ ದಾಟುತ್ತದೆ, ಜೋಡಿಗೆ ಏಳು ಗ್ರಾಂ ಸ್ವಲ್ಪ ಮೇಲೆ. ಎರಡು ಮಿಲಿಮೀಟರ್ ಆದರೆ ಒಂದೊಂದೂ ಆರೂವರೆ ಗ್ರಾಂ. ದಪ್ಪ ತುಸು ಹೆಚ್ಚಿದರೂ ತೂಕ ಇಷ್ಟು ಏರುವುದರಿಂದ ಹಲವರು ಪೊಳ್ಳು ಬಳೆಯತ್ತ ವಾಲುತ್ತಾರೆ. ಪೊಳ್ಳು ಬಳೆ ನೋಡಲು ತುಂಬಿದಂತೆ ಕಂಡರೂ ಹಲ್ಲು ಬರುತ್ತಿರುವ ಮಗು ಕಚ್ಚಿದರೆ ತಗ್ಗು ಬೀಳುತ್ತದೆ, ಬೆಸುಗೆ ಬಿಟ್ಟ ಕಡೆ ಅಂಚು ಹರಿತವಾಗುತ್ತದೆ. ಅದೇ ಹಣಕ್ಕೆ ಎರಡು ಪೊಳ್ಳು ಬಳೆಯ ಬದಲು ಒಂದೂವರೆ ಮಿಲಿಮೀಟರ್‌ನ ಒಂದೇ ಗಟ್ಟಿ ಬಳೆ ಕೊಳ್ಳುವುದು ಮೇಲು.

ಬಳೆ ಕೈಗೆ ಏರುವಾಗ ಗೆಣ್ಣಿನ ಬಳಿ ತುಸು ತಡೆದು, ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ದಾಟಬೇಕು. ಏರಿದ ಮೇಲೆ ಮಣಿಕಟ್ಟಿನಲ್ಲಿ ದೊಡ್ಡವರ ಕಿರುಬೆರಳಿನ ತುದಿ ನುಸುಳುವಷ್ಟು ಜಾಗ ಇರಬೇಕು. ಕೈ ಕೆಳಗೆ ಬಿಟ್ಟರೆ ತಾನಾಗಿ ಜಾರುವ ಬಳೆ ಬಾಯಿಗೆ ಹೋಗುತ್ತದೆ. ಮಗು ಬೆಳೆಯುತ್ತದೆ, ಎರಡು ವರ್ಷ ಬರಲಿ ಎಂದು ದೊಡ್ಡ ಸೈಜು ತೆಗೆದುಕೊಳ್ಳುವುದು ಈ ಕಾರಣಕ್ಕೇ ಸರಿಯಲ್ಲ. ಹಾಗೆಯೇ ಎಣ್ಣೆ ಹಚ್ಚಿದರೂ ಹೊರಬರಲು ಕಾಡುವ ಬಳೆ, ಚರ್ಮದ ಮೇಲೆ ಕೆಂಪು ಗೆರೆ ಬಿಡುವ ಬಳೆ ಚಿಕ್ಕದಾಗಿದೆ ಎಂದರ್ಥ. ಮೊದಲ ವರ್ಷದಲ್ಲಿ ಎರಡು ತಿಂಗಳಿಗೊಮ್ಮೆ ಬಿಚ್ಚಿ ನೋಡುವುದು ಒಳ್ಳೆಯದು. ಬಿಗಿಯಾದ ಸಾದಾ ಗಟ್ಟಿ ಬಳೆಯನ್ನು ಅಕ್ಕಸಾಲಿಗರು ಕತ್ತರಿಸಿ, ತುಂಡು ಸೇರಿಸಿ, ಮತ್ತೆ ಬೆಸೆದು ದೊಡ್ಡದು ಮಾಡಿಕೊಡಬಲ್ಲರು. ಪೊಳ್ಳು ಬಳೆಯಲ್ಲಿ ಆ ಕೆಲಸ ಅಷ್ಟು ಸುಲಭವಲ್ಲ.

ಬೆಳೆದಂತೆ ಹಿಗ್ಗಿಸಬಹುದು ಎಂದು ತುದಿ ತೆರೆದಿರುವ ಬಳೆ, ತಂತಿ ಸುತ್ತಿದ ಅಡ್ಜಸ್ಟ್ ಬಳೆಗಳನ್ನೂ ಮಾರುತ್ತಾರೆ. ತೆರೆದ ತುದಿ ಬಟ್ಟೆಗೆ ಸಿಗುತ್ತದೆ, ಮುಖಕ್ಕೆ ಗೀರುತ್ತದೆ. ತಂತಿಯ ಸುರುಳಿಗೆ ಚರ್ಮ ಸಿಕ್ಕಿ ಚಿವುಟಿದಂತಾಗುತ್ತದೆ. ತಿರುಪು ಹಾಕಿ ಮುಚ್ಚುವ ಬಳೆಯಲ್ಲಿ ಆ ತಿರುಪೇ ಬಿಡಿ ಭಾಗ. ಬಳೆಗೆ ಗೆಜ್ಜೆ, ಕಲ್ಲು, ಅಕ್ಷರದ ಪದಕ ತೂಗಿಬಿಟ್ಟಿದ್ದರೆ ಒಂದೇ ತುಂಡಿನ ಬಳೆಯಿಂದ ಸಿಗುವ ಕ್ಷೇಮ ಅಲ್ಲಿಗೆ ಮುಗಿಯಿತು. ಸದ್ದು ಬೇಕೆಂದು ಕೇಳುವ ಅಜ್ಜಿಯರಿಗೆ ಜೋಡಿ ಬಳೆ ಒಂದಕ್ಕೊಂದು ತಾಗಿ ಬರುವ ಸದ್ದೇ ಸಾಕಾಗಬಹುದು.

ಉಂಗುರ ಮತ್ತು ಕರಿಮಣಿ

ಮಗುವಿಗೆ ಬರುವ ಉಡುಗೊರೆಗಳಲ್ಲಿ ಉಂಗುರವೇ ಹೆಚ್ಚು, ಕಡಿಮೆ ತೂಕದಲ್ಲಿ ಚಿನ್ನ ಕೊಟ್ಟಂತಾಗುತ್ತದಲ್ಲ ಎಂದು. ಆದರೆ ಶಿಶುವಿನ ಕೈ ದಿನದಲ್ಲಿ ಬಹುಹೊತ್ತು ಬಾಯಲ್ಲೇ ಇರುತ್ತದೆ. ಜೊಲ್ಲಿನಲ್ಲಿ ನೆನೆದ ಬೆರಳಿನಿಂದ ಉಂಗುರ ಸಲೀಸಾಗಿ ಜಾರುತ್ತದೆ. ಜಾರದಂತೆ ಬಿಗಿ ಮಾಡಿದರೆ ಬೆರಳು ಊದಿಕೊಂಡಾಗ ರಕ್ತ ಓಡಾಟಕ್ಕೆ ತಡೆಯಾಗುತ್ತದೆ, ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಉಂಗುರದ ಅಳತೆಯಲ್ಲಿ ಸಡಿಲಕ್ಕೂ ಬಿಗಿಗೂ ನಡುವೆ ಕ್ಷೇಮವಾದ ಜಾಗವೇ ಇಲ್ಲದಷ್ಟು ಇಕ್ಕಟ್ಟು.

ಕರಿಮಣಿ ಮತ್ತು ಚಿನ್ನದ ಗುಂಡಿನ ಕೈಸರ ನೋಡಲು ಮೃದು, ತೂಕ ಹಗುರ. ಇದರಲ್ಲಿ ದುರ್ಬಲವಾಗಿರುವುದು ದಾರ. ಪ್ರತಿದಿನದ ಎಣ್ಣೆಸ್ನಾನ, ಸೋಪು, ಜೊಲ್ಲು ಇವುಗಳಲ್ಲಿ ನೆನೆದ ದಾರ ಒಳಗಿಂದಲೇ ಸವೆಯುತ್ತದೆ. ಒಂದು ದಿನ ಹರಿದಾಗ ಇಪ್ಪತ್ತು ಮೂವತ್ತು ಮಣಿ ಒಟ್ಟಿಗೆ ಹಾಸಿಗೆಯ ಮೇಲೆ ಚೆಲ್ಲುತ್ತವೆ. ಶಿಶುವಿನ ಶ್ವಾಸನಾಳದ ಒಳಗಿನ ಅಗಲ ನಾಲ್ಕೈದು ಮಿಲಿಮೀಟರ್ ಅಷ್ಟೇ. ದುಂಡಗಿನ ನುಣುಪಾದ ಮಣಿ ಅಂಥ ಕಡೆ ಗಾಳಿಗೆ ಎಡೆ ಬಿಡದೆ ಕೂರಬಲ್ಲದು. ದೃಷ್ಟಿಗೆ ಕರಿಮಣಿ ಬೇಕೇಬೇಕು ಎನ್ನುವ ಮನೆಯವರು ಅಕ್ಕಸಾಲಿಗರ ಬಳಿ ಗಟ್ಟಿ ಬಳೆಯ ಮೇಲೆ ಕಪ್ಪು ಮೀನಾ ಕೆಲಸ ಮಾಡಿಸಬಹುದು. ಬಣ್ಣ ಉಳಿಯುತ್ತದೆ, ಮಣಿ ಇರುವುದಿಲ್ಲ.

ಕಿವಿಯ ತಿರುಪು

ಕಿವಿಯಲ್ಲಿ ಕೊಂಡಿ ಗಟ್ಟಿಯಾಗಿ ಹಿಡಿದಿರಲೇಬೇಕು, ಯಾಕೆಂದರೆ ಓಲೆಯೂ ಅದರ ತಿರುಪೂ ಎರಡೂ ನುಂಗುವ ಗಾತ್ರದವು. ಒತ್ತಿ ಹಾಕುವ ಪ್ರೆಸ್ ಮಾದರಿ ದಿಂಬಿಗೆ ಉಜ್ಜಿದಾಗ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಮಕ್ಕಳಿಗೆ ತಿರುಪಿನ ಓಲೆಯೇ ಸರಿ. ಮುಂದಿನ ಮುಖ ಚಪ್ಪಟೆಯಾಗಿ, ಕಲ್ಲಿಲ್ಲದೆ ಇರಬೇಕು. ಕಡ್ಡಿಯ ತುದಿ ತಿರುಪಿನ ಹೊರಗೆ ಚುಚ್ಚುವಂತೆ ಇಣುಕಬಾರದು. ತೂಗಾಡುವ ಜುಮುಕಿ, ದೊಡ್ಡ ರಿಂಗು ಮಗುವಿನ ಬೆರಳಿಗೇ ಸಿಕ್ಕಿ ಕಿವಿ ಹರಿಯಬಹುದು.

ಗಟ್ಟಿ ಎಂದರೆ ಬಿಗಿ ಎಂದಲ್ಲ. ಹೊಸದಾಗಿ ಚುಚ್ಚಿದ ಹಾಲೆ ಊದಿಕೊಳ್ಳುತ್ತದೆ. ತಿರುಪನ್ನು ಚರ್ಮಕ್ಕೆ ಅಂಟುವಂತೆ ಬಿಗಿದರೆ ಊದಿದ ಚರ್ಮ ಅದನ್ನು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಓಲೆಯ ಮುಖ ಒಳಗೆ ಇಳಿದಂತೆ ಕಾಣುವುದು, ಹಿಂದಿನ ತಿರುಪು ಕಣ್ಣಿಗೆ ಬೀಳದಿರುವುದು, ಮುಟ್ಟಿದರೆ ಮಗು ಚೀರುವುದು, ಕೀವು ಇವು ಅದರ ಲಕ್ಷಣ. ಆಗ ಮನೆಯಲ್ಲಿ ಎಳೆದು ತೆಗೆಯಲು ಹೋಗದೆ ವೈದ್ಯರ ಬಳಿ ಹೋಗಬೇಕು. ಹಾಲೆಗೂ ತಿರುಪಿಗೂ ನಡುವೆ ಸ್ವಲ್ಪ ಎಡೆ ಇರುವಷ್ಟು ಉದ್ದದ ಕಡ್ಡಿ ಬೇಕು, ಆದರೆ ತಿರುಪು ತನ್ನ ಮರೆಯಲ್ಲಿ ಪೂರ್ತಿ ಕೂತಿರಬೇಕು. ದಿನವೂ ಸ್ನಾನದ ನಂತರ ಎರಡೂ ಕಿವಿಯ ತಿರುಪು ಮುಟ್ಟಿ ನೋಡುವುದನ್ನು ರೂಢಿ ಮಾಡಿಕೊಳ್ಳುವುದು ಲೇಸು.

ಈ ವಿಷಯದಲ್ಲಿ ಹಳೆಯ ಪದ್ಧತಿಯೊಂದು ನೆನಪಿಡುವಂಥದ್ದು. ಪತ್ತಾರರು ಕಿವಿ ಚುಚ್ಚುವಾಗ ಚಿನ್ನದ ಸಣ್ಣ ತಂತಿಯನ್ನೇ ತೂರಿಸಿ, ದುಂಡಗೆ ಬಾಗಿಸಿ, ತುದಿಗಳನ್ನು ಹೆಣೆದು ಬಿಡುತ್ತಿದ್ದರು. ಅದಕ್ಕೆ ತಿರುಪಿಲ್ಲ, ಬಿಡಿ ಭಾಗವಿಲ್ಲ, ಊದಿದ ಹಾಲೆಗೆ ಜಾಗವೂ ಇರುತ್ತದೆ. ಹೆಣೆದ ತುದಿಯನ್ನು ಸರಿಯಾಗಿ ಮಡಿಸಿದ್ದರೆ, ಸಲಕರಣೆಯನ್ನು ಕ್ರಿಮಿರಹಿತ ಮಾಡಿದ್ದರೆ ಗಾಯ ಮಾಗುವ ಆರೆಂಟು ವಾರಕ್ಕೆ ಈ ಸಾದಾ ಮುರುವು ಇಂದಿಗೂ ಚೆನ್ನಾಗಿಯೇ ಇದೆ. ಆರು, ಹತ್ತು ಮತ್ತು ಹದಿನಾಲ್ಕು ವಾರಕ್ಕೆ ಕೊಡುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಧನುರ್ವಾಯುವಿನ ರಕ್ಷಣೆಯೂ ಇರುವುದರಿಂದ ಆ ಮೂರು ಡೋಸ್ ಮುಗಿದ ಮೇಲೆ ಕಿವಿ ಚುಚ್ಚಿಸುವುದು ಜಾಣತನ.

ಎರಡು ಗ್ರಾಮಿನ ಗೆರೆ

ಮಗುವಿನ ಒಡವೆಯ ಶುದ್ಧತೆಯಲ್ಲೂ ಒಂದು ಸೂಕ್ಷ್ಮವಿದೆ. 2023ರ ಏಪ್ರಿಲ್ 1ರಿಂದ ಮಾರುವ ಚಿನ್ನದ ಒಡವೆಯ ಮೇಲೆ ಬಿಐಎಸ್ ಲಾಂಛನ, 22ಕೆ916ರಂಥ ಶುದ್ಧತೆಯ ಗುರುತು ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಪರಿಶೀಲಿಸಬಹುದು. ಆದರೆ ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಈ ಕಡ್ಡಾಯದಿಂದ ವಿನಾಯಿತಿ ಇದೆ. ಮಗುವಿನ ಉಂಗುರ, ಓಲೆ, ಗುಂಡು, ತೆಳು ಬಳೆ ಬಹುತೇಕ ಇದರೊಳಗೇ ಬರುತ್ತವೆ. ಹಾಗಾಗಿ ಚಿಕ್ಕ ಒಡವೆ ಕೊಳ್ಳುವಾಗ ಬಿಲ್ಲಿನಲ್ಲಿ ಕ್ಯಾರೆಟ್ ಮತ್ತು ತೂಕ ಬರೆಸಿಕೊಳ್ಳಬೇಕು. ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ ಹಳೆಯ ಕೆಡಿಎಂ ಒಡವೆಗಳು ಹಲವು ಮನೆಗಳಲ್ಲಿವೆ. ಕ್ಯಾಡ್ಮಿಯಂ ವಿಷಕಾರಿ ಲೋಹ. ಮಗು ಬಾಯಿಗೆ ಹಾಕುವ ವಸ್ತುವಿಗೆ ಅಂಥ ಬೆಸುಗೆ ಬೇಡ ಎಂದು ಅಕ್ಕಸಾಲಿಗರಿಗೆ ಮೊದಲೇ ಹೇಳುವುದು ಕ್ಷೇಮ.

ಮಗು ತೊಡಲಾಗದ ಉಡುಗೊರೆಗಳು ವ್ಯರ್ಥವಲ್ಲ. ಗ್ರಾಂ ತೂಕದ ನಾಲ್ಕೈದು ಉಂಗುರಗಳನ್ನು ಬಿಲ್ಲಿನ ಸಮೇತ ಅಂಗಡಿಗೆ ಒಯ್ದರೆ, ಶುದ್ಧತೆ ಪರೀಕ್ಷಿಸಿ, ಅವುಗಳ ಬದಲಿಗೆ ಹಾಲ್‌ಮಾರ್ಕ್ ಇರುವ ಒಂದು ಗಟ್ಟಿ ಬಳೆ ಸಿಗುತ್ತದೆ. ಕೂಲಿ ಮಾತ್ರ ಮತ್ತೆ ಕೊಡಬೇಕು. ಉಡುಗೊರೆ ಕೊಡುವ ಬಂಧುಗಳು ಮೊದಲೇ ಮಾತಾಡಿಕೊಂಡು ಒಟ್ಟಾಗಿ ಬಳೆ ತಂದರೆ ಆ ಕೂಲಿಯೂ ಉಳಿಯುತ್ತದೆ.

ನುಂಗಿಬಿಟ್ಟರೆ

ಇಷ್ಟೆಲ್ಲ ಎಚ್ಚರದ ನಡುವೆಯೂ ಒಂದು ಓಲೆ ಕಾಣೆಯಾಗಬಹುದು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಬಾಯೊಳಗೆ ಕುರುಡಾಗಿ ಬೆರಳು ಹಾಕಿದರೆ ವಸ್ತು ಇನ್ನೂ ಕೆಳಗಿಳಿಯುತ್ತದೆ. ಅಳಲೂ ಕೆಮ್ಮಲೂ ಆಗದೆ ಮುಖ ನೀಲಿಗಟ್ಟುತ್ತಿದ್ದರೆ ಒಬ್ಬರು 108ಕ್ಕೆ ಕರೆ ಮಾಡಬೇಕು. ವರ್ಷದೊಳಗಿನ ಮಗುವಾದರೆ ಇನ್ನೊಬ್ಬರು ಅದನ್ನು ಮುಂಗೈ ಮೇಲೆ ತಲೆ ಕೆಳಗಾಗುವಂತೆ ಬೋರಲು ಮಲಗಿಸಿ ಬೆನ್ನಿನ ಮೇಲೆ, ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ತಟ್ಟಬೇಕು. ನಂತರ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಬಾರಿ ಒತ್ತಬೇಕು. ವಸ್ತು ಹೊರಬರುವ ತನಕ, ಇಲ್ಲವೇ ನೆರವು ತಲುಪುವ ತನಕ ಇದನ್ನು ಮುಂದುವರಿಸಬೇಕು. ವರ್ಷ ದಾಟಿದ ಮಗುವಿಗೆ ಎದೆಯ ಬದಲು ಹೊಕ್ಕುಳ ಮೇಲ್ಭಾಗದಲ್ಲಿ ಒತ್ತುವುದು ಕ್ರಮ.

ಉಸಿರಾಟ ಸರಿಯಿದ್ದು ಹೊಟ್ಟೆಗೆ ಹೋಗಿರುವ ಶಂಕೆ ಇದ್ದರೆ ಬಾಳೆಹಣ್ಣು ತಿನ್ನಿಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಎರಡೂ ಬೇಡ. ಚಿನ್ನ ಜಠರದ ಆಮ್ಲದಲ್ಲಿ ಕರಗುವುದಿಲ್ಲ, ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಣ್ಣ ನುಣುಪು ವಸ್ತುಗಳು ಬಹುಪಾಲು ಕೆಲ ದಿನಗಳಲ್ಲಿ ಮಲದೊಂದಿಗೆ ಹೊರಬರುತ್ತವೆ. ಚೂಪು ಕಡ್ಡಿಯ ಓಲೆಯಾದರೆ, ಅಥವಾ ಮಗು ಜೊಲ್ಲು ಸುರಿಸುತ್ತಾ ಹಾಲು ಬೇಡವೆಂದರೆ, ವಾಂತಿ ಮಾಡಿದರೆ ತಡಮಾಡದೆ ಎಂಡೋಸ್ಕೋಪಿ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾದ ಮಗುವಿಗೆ ದಿನಗಳ ನಂತರ ಬಿಡದ ಕೆಮ್ಮು, ಉಸಿರಲ್ಲಿ ಸುಯ್ ಎನ್ನುವ ಸದ್ದು ಶುರುವಾದರೂ ವಸ್ತು ಶ್ವಾಸಕೋಶದ ಕವಲಿನಲ್ಲಿ ಕುಳಿತಿರಬಹುದು. ಆಗ ಒಡವೆ ಕಳೆದ ದಿನವನ್ನು ವೈದ್ಯರಿಗೆ ಹೇಳಬೇಕು. ಆಸ್ಪತ್ರೆಗೆ ಹೊರಡುವಾಗ ಉಳಿದಿರುವ ಜೊತೆ ಓಲೆಯನ್ನೂ ಕೈಯಲ್ಲಿ ಹಿಡಿದು ಹೋದರೆ, ಒಳಗಿರುವುದರ ಗಾತ್ರವೆಷ್ಟು, ಕಡ್ಡಿ ಎಷ್ಟು ಚೂಪು, ತಿರುಪು ಬೇರೆ ಇದೆಯೇ ಎಂಬುದು ವೈದ್ಯರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.